ಸ್ಟ್ರೇಟ್ ಲೈನಾ, ಡಬ್ಲ್ಯುಡಿವಿನಾ? ಪ್ರೆಸ್ಸಿನ ಮಷಿನ್ ಸವಕಳಿ ಮತ್ತು ವರ್ಷ ವರ್ಷದ ಲಾಭ

ಗದಗ-ಬೆಟಗೇರಿಯಲ್ಲಿ ಪ್ರೆಸ್ ನಡೆಸುವವರು ಹೊಸ ಮಷಿನ್ ಇಳಿಸಿದ ವರ್ಷ ಲೆಕ್ಕದವರನ್ನು ಕೇಳುವ ಪ್ರಶ್ನೆ ಒಂದೇ. ಸವಕಳಿ ಯಾವ ಪದ್ಧತಿಯಲ್ಲಿ ಹಾಕೋಣ? ಪ್ರತಿ ವರ್ಷ ಒಂದೇ ಮೊತ್ತ ಕಳೆಯುವ ಸ್ಟ್ರೇಟ್ ಲೈನಾ, ಅಥವಾ ಉಳಿದ ಬಾಕಿಯ ಮೇಲೆ ಶೇಕಡಾವಾರು ಕಳೆಯುತ್ತಾ ಹೋಗುವ ರೆಡ್ಯೂಸಿಂಗ್ ಬ್ಯಾಲೆನ್ಸಾ? ಎರಡನೆಯದನ್ನು ನಮ್ಮಲ್ಲಿ ಎಲ್ಲರೂ ಡಬ್ಲ್ಯುಡಿವಿ ಅಂತಲೇ ಕರೆಯುತ್ತಾರೆ, ಇಲ್ಲೂ ಹಾಗೇ ಕರೆಯೋಣ. ಹುಬ್ಬಳ್ಳಿಯ ಫ್ಯಾಬ್ರಿಕೇಶನ್ ಶೆಡ್ಡಿನವರು, ಬ್ಯಾಡಗಿಯ ಮೆಣಸಿನಕಾಯಿ ಪುಡಿ ಮಾಡುವವರು ಕೂಡ ಇದನ್ನೇ ಕೇಳುತ್ತಾರೆ. ಲೆಕ್ಕ ಎಲ್ಲರಿಗೂ ಒಂದೇ. ನಾನು ಇಲ್ಲಿ ಒಂದು ಆಫ್‌ಸೆಟ್ ಮಷಿನ್ ಹಿಡಿದುಕೊಂಡು ಕೊನೆಯವರೆಗೂ ಹೋಗುತ್ತೇನೆ.

ಯಾವುದು ಒಳ್ಳೆಯದು ಅಂತ ನೋಡುವ ಮೊದಲು ಯಾವುದರಿಂದ ಅಳೆಯಬೇಕು ಅನ್ನುವುದನ್ನು ಗೊತ್ತು ಮಾಡಿಕೊಳ್ಳಬೇಕು. ನನ್ನ ಪ್ರಕಾರ ನೋಡಬೇಕಾದ್ದು ನಾಲ್ಕು. ಆ ವರ್ಷದ ಲಾಭ ನೋಡಿ ಮನೆಗೆ ಹಣ ತೆಗೆಯುವವರು ಯಾರು? ಆ ಲೆಕ್ಕವನ್ನು ಬ್ಯಾಂಕಿನವರು ಓದುತ್ತಾರಾ? ಮಷಿನ್ ಕೊನೆಯವರೆಗೂ ಇಟ್ಟುಕೊಳ್ಳುತ್ತೀರಾ, ಮಧ್ಯದಲ್ಲೇ ಮಾರುತ್ತೀರಾ? ಪಾಲುದಾರರು ಇದ್ದರೆ ಒಬ್ಬರು ಹೊರಗೆ ಹೋಗುವ ಸಾಧ್ಯತೆ ಇದೆಯಾ? ತೆರಿಗೆ ಈ ಪಟ್ಟಿಯಲ್ಲಿ ಇಲ್ಲ ಅನ್ನುವುದನ್ನು ಗಮನಿಸಿ. ಅದನ್ನು ಬೇಕಂತಲೇ ಬಿಟ್ಟಿದ್ದೇನೆ. ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ, ಯಾಕಂದರೆ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ.

“ಡಬ್ಲ್ಯುಡಿವಿ ಹಾಕಿದರೆ ಟ್ಯಾಕ್ಸ್ ಉಳಿಯುತ್ತೆ” ಅನ್ನುವ ಮಾತು ಮಾರ್ಕೆಟ್ಟಿನಲ್ಲಿ ಓಡಾಡುತ್ತಿರುತ್ತದೆ. ಅದು ಸರಿಯಲ್ಲ. ಆದಾಯ ತೆರಿಗೆ ಲೆಕ್ಕಕ್ಕೆ ಸವಕಳಿಯನ್ನು ಅವರ ದರದಲ್ಲೇ, ಡಬ್ಲ್ಯುಡಿವಿ ಪದ್ಧತಿಯಲ್ಲೇ ಹಾಕಬೇಕು. ಸಾಮಾನ್ಯ ಮಷಿನರಿಗೆ ಶೇ 15, ಕಂಪ್ಯೂಟರಿಗೆ ಶೇ 40, ಫರ್ನಿಚರಿಗೆ ಶೇ 10. ನಿಮ್ಮ ಪುಸ್ತಕದಲ್ಲಿ ಏನೇ ಇರಲಿ, ರಿಟರ್ನ್ ತುಂಬುವಾಗ ಪುಸ್ತಕದ ಸವಕಳಿಯನ್ನು ವಾಪಸ್ ಕೂಡಿಸಿ, ತೆರಿಗೆ ನಿಯಮದ ಸವಕಳಿಯನ್ನು ಕಳೆಯುತ್ತಾರೆ. ತೆರಿಗೆಗೂ ಸ್ಟ್ರೇಟ್ ಲೈನ್ ಆರಿಸಿಕೊಳ್ಳುವ ಅವಕಾಶ ಇರುವುದು ವಿದ್ಯುತ್ ಉತ್ಪಾದಿಸುವ ಸಂಸ್ಥೆಗಳಿಗೆ. ಗದಗ ಸುತ್ತ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದವರಿಗೆ ಅದು ಅನ್ವಯಿಸಬಹುದು, ಪ್ರೆಸ್ಸಿಗೆ ಅಲ್ಲ.

ತೆರಿಗೆಯ ವಿಷಯದಲ್ಲಿ ನಿಮ್ಮ ಕೈಯಲ್ಲಿರುವುದು ಪದ್ಧತಿ ಅಲ್ಲ, ತಾರೀಖು. ಆ ಆರ್ಥಿಕ ವರ್ಷದಲ್ಲಿ ಮಷಿನ್ 180 ದಿನಕ್ಕಿಂತ ಕಡಿಮೆ ಬಳಕೆಯಲ್ಲಿದ್ದರೆ ಮೊದಲ ವರ್ಷ ಅರ್ಧ ಸವಕಳಿ ಮಾತ್ರ ಸಿಗುತ್ತದೆ. ಅಂದರೆ ಅಕ್ಟೋಬರ್ ಮೊದಲ ಮೂರ್ನಾಲ್ಕು ದಿನ ದಾಟಿತು ಅಂದರೆ ಅರ್ಧ ಹೋಯಿತು. ದೀಪಾವಳಿಗೆ ಪೂಜೆ ಮಾಡಿ ಶುರು ಮಾಡುವ ಮಷಿನ್‌ಗೆ ಯಾವಾಗಲೂ ಅರ್ಧವೇ. ಸೆಪ್ಟೆಂಬರಿನಲ್ಲಿ ಪ್ರಿಂಟಿಂಗ್ ಶುರುವಾಗಿದ್ದರೆ ಪೂರ್ತಿ. 20 ಲಕ್ಷದ ಮಷಿನ್‌ಗೆ ಮೊದಲ ವರ್ಷದ ಕಡಿತದಲ್ಲಿ ಇದು 3 ಲಕ್ಷಕ್ಕೂ ಒಂದೂವರೆ ಲಕ್ಷಕ್ಕೂ ಇರುವ ಅಂತರ.

ಈಗ ನಮ್ಮ ಮಷಿನ್‌ಗೆ ಬರೋಣ. ಎರಡು ಕಲರಿನ ಆಫ್‌ಸೆಟ್, ಸಾಗಣೆ, ಪಾಯ, ಕೂರಿಸುವ ಖರ್ಚು ಎಲ್ಲ ಸೇರಿ 20 ಲಕ್ಷ ಅಂದುಕೊಳ್ಳಿ. ಹತ್ತು ವರ್ಷ ಓಡಿಸಬಹುದು, ಆಮೇಲೆ 2 ಲಕ್ಷಕ್ಕೆ ಹೋಗುತ್ತದೆ ಅನ್ನುವ ಅಂದಾಜು. ಹಾಗಾದರೆ ಹತ್ತು ವರ್ಷದಲ್ಲಿ ಕಳೆಯಬೇಕಾದ್ದು 18 ಲಕ್ಷ.

ಸ್ಟ್ರೇಟ್ ಲೈನಿನಲ್ಲಿ ವರ್ಷಕ್ಕೆ 1,80,000. ಮುಗಿಯಿತು. ಡಬ್ಲ್ಯುಡಿವಿಯಲ್ಲಿ ದರವನ್ನು ಕಂಡುಹಿಡಿಯಬೇಕು. ಹತ್ತು ವರ್ಷದ ಕೊನೆಗೆ 20 ಲಕ್ಷ ಇಳಿದು 2 ಲಕ್ಷ ಆಗುವಂಥ ದರ ಬೇಕು. ಅದು ಶೇ 20.57. ಎಕ್ಸೆಲ್‌ನಲ್ಲಿ ಎರಡಕ್ಕೂ ಸೂತ್ರ ಇದೆ:

```
=SLN(2000000,200000,10)
=DB(2000000,200000,10,1)
```

ಎರಡನೆಯದರಲ್ಲಿ ಕೊನೆಯ ಸಂಖ್ಯೆ ಎಷ್ಟನೇ ವರ್ಷ ಅನ್ನುವುದು. ಅದು ದರವನ್ನು ಶೇ 20.6 ಅಂತ ದುಂಡಗೆ ಮಾಡಿಕೊಳ್ಳುವುದರಿಂದ ಉತ್ತರ 4,12,000 ಬರುತ್ತದೆ. ಕೈಲೆಕ್ಕದಲ್ಲಿ 4,11,400. ಇದಕ್ಕೆ ಗಾಬರಿ ಬೀಳಬೇಡಿ.

ಪ್ರೆಸ್ಸಿನಲ್ಲಿ ಸವಕಳಿ ಕಳೆಯುವ ಮೊದಲು ಪ್ರತಿ ವರ್ಷ ಸರಿಯಾಗಿ 6 ಲಕ್ಷ ಉಳಿಯುತ್ತದೆ ಅಂತ ಇಟ್ಟುಕೊಳ್ಳೋಣ. ಮದುವೆ ಕಾರ್ಡು, ಕ್ಯಾಲೆಂಡರು, ಬಿಲ್ ಬುಕ್ಕು, ಏನೂ ಹೆಚ್ಚಿಲ್ಲ, ಏನೂ ಕಮ್ಮಿ ಇಲ್ಲ. ಧಂದೆ ಇದ್ದಲ್ಲೇ ಇದೆ. ಆಗ ಪುಸ್ತಕದಲ್ಲಿ ಕಾಣುವ ಲಾಭ ಹೀಗಿರುತ್ತದೆ.

| ವರ್ಷ | ಡಬ್ಲ್ಯುಡಿವಿ ಸವಕಳಿ | ಡಬ್ಲ್ಯುಡಿವಿ ಲಾಭ | ಸ್ಟ್ರೇಟ್ ಲೈನ್ ಲಾಭ |
|---|---|---|---|
| 1 | 4,11,400 | 1,88,600 | 4,20,000 |
| 2 | 3,26,775 | 2,73,225 | 4,20,000 |
| 3 | 2,59,557 | 3,40,443 | 4,20,000 |
| 4 | 2,06,167 | 3,93,833 | 4,20,000 |
| 5 | 1,63,758 | 4,36,242 | 4,20,000 |
| 10 | 51,776 | 5,48,224 | 4,20,000 |

ಹತ್ತೂ ವರ್ಷ ಕೂಡಿಸಿದರೆ ಎರಡರಲ್ಲೂ ಲಾಭ 42 ಲಕ್ಷವೇ. ಮಷಿನ್ ಒಂದೇ, ಗಲ್ಲಾಪೆಟ್ಟಿಗೆಯಲ್ಲಿರುವ ದುಡ್ಡೂ ಒಂದೇ. ಬದಲಾಗುವುದು ಯಾವ ವರ್ಷದಲ್ಲಿ ಎಷ್ಟು ಲಾಭ ಕಾಣುತ್ತದೆ ಅನ್ನುವುದು ಮಾತ್ರ. ಐದನೇ ವರ್ಷದಲ್ಲಿ ಡಬ್ಲ್ಯುಡಿವಿ ಲಾಭ ಸ್ಟ್ರೇಟ್ ಲೈನನ್ನು ದಾಟುತ್ತದೆ, ಅಲ್ಲಿಂದ ಮುಂದೆ ಮೇಲೇ ಇರುತ್ತದೆ.

ಆದರೆ ಈ “ಮಾತ್ರ” ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಡಬ್ಲ್ಯುಡಿವಿ ಪುಸ್ತಕ ನೋಡಿದವರಿಗೆ ಎರಡನೇ ವರ್ಷ ಲಾಭ ಶೇ 45 ಏರಿದ ಹಾಗೆ ಕಾಣುತ್ತದೆ. ನಿಜವಾಗಿ ಒಂದು ರೀಮು ಕಾಗದವೂ ಜಾಸ್ತಿ ಓಡಿಲ್ಲ. ಯಾರದೋ ಪ್ರೆಸ್ಸಿಗೆ ಪಾಲುದಾರರಾಗಿ ಸೇರುವ ಮುಂಚೆ ಲಾಭ ಏರುತ್ತಾ ಬಂದಿದ್ದನ್ನು ತೋರಿಸಿದರೆ, ಮೊದಲು ಸವಕಳಿ ಕಳೆಯುವ ಮುಂಚಿನ ಸಾಲು ನೋಡಿ. ಅದು ಸಮನಾಗಿದ್ದು ಕೆಳಗಿನ ಲಾಭ ಮಾತ್ರ ಏರುತ್ತಿದ್ದರೆ, ಮಷಿನ್ ಹಳೆಯದಾಗುತ್ತಿದೆ ಅಂತ ಅರ್ಥ, ಧಂದೆ ಬೆಳೆಯುತ್ತಿದೆ ಅಂತ ಅಲ್ಲ.

ಇನ್ನು ಮೊದಲ ಅಳತೆ, ಮನೆಗೆ ತೆಗೆಯುವ ಹಣ. ಚಿಕ್ಕ ಪ್ರೆಸ್ಸುಗಳಿಗೆ ಇದೇ ಎಲ್ಲಕ್ಕಿಂತ ದೊಡ್ಡದು ಅಂತ ನಾನು ತಿಳಿದಿದ್ದೇನೆ.

ಈ ಮಷಿನ್‌ಗೆ ಬ್ಯಾಂಕಿನಿಂದ 15 ಲಕ್ಷ ಸಾಲ, ಐದು ವರ್ಷದ ಕಂತು ಇದೆ ಅಂದುಕೊಳ್ಳಿ. ಬಡ್ಡಿ ಆಗಲೇ ಖರ್ಚಿನಲ್ಲಿ ಹೋಗಿ 6 ಲಕ್ಷ ಉಳಿದಿದೆ. ಅಸಲು ವರ್ಷಕ್ಕೆ 3 ಲಕ್ಷ ಕಟ್ಟಬೇಕು. ಅಸಲು ಲಾಭ-ನಷ್ಟದ ಲೆಕ್ಕದಲ್ಲಿ ಖರ್ಚಾಗಿ ಬರುವುದಿಲ್ಲ, ಆದರೆ ಖಾತೆಯಿಂದ ಹೋಗಿಯೇ ಹೋಗುತ್ತದೆ. ಹಾಗಾಗಿ ತೆರಿಗೆ ಬಿಟ್ಟು ನೋಡಿದರೂ ವರ್ಷಕ್ಕೆ ಕೈಯಲ್ಲಿ ಉಳಿಯುವುದು 3 ಲಕ್ಷ.

ಸ್ಟ್ರೇಟ್ ಲೈನ್ ಪುಸ್ತಕ ಏನು ಹೇಳುತ್ತದೆ? ಲಾಭ 4,20,000. ಅಣ್ಣ ತಮ್ಮ ಇಬ್ಬರೂ ಸಮಪಾಲು, ತಲಾ 2,10,000. “ಅಣ್ಣಾ, ಲಾಭ ಬಂದೈತಲ್ಲ, ಮನಿ ಕಟ್ಟಿಸಾಕ ತಗೋತೀನಿ” ಅಂತ ತಮ್ಮ ಕೇಳಿದರೆ ಬೇಡ ಅನ್ನುವುದು ಹೇಗೆ? ಇಬ್ಬರೂ ಪೂರ್ತಿ ತೆಗೆದರೆ ವರ್ಷಕ್ಕೆ 1,20,000 ಕಮ್ಮಿ ಬೀಳುತ್ತದೆ. ಆ ಕೊರತೆ ಕಾಗದದ ಅಂಗಡಿಯ ಉದ್ರಿಯಲ್ಲಿ ಸೇರಿಕೊಳ್ಳುತ್ತದೆ. ಐದು ವರ್ಷಕ್ಕೆ 6 ಲಕ್ಷ. ಸಿಸಿ ಖಾತೆ ಯಾವಾಗಲೂ ಮಿತಿಗೆ ತಾಗಿಕೊಂಡೇ ಇದೆ, ಲಾಭ ಮಾತ್ರ ಚೆನ್ನಾಗಿದೆ ಅನ್ನುವ ಪ್ರೆಸ್ಸುಗಳಲ್ಲಿ ಬಹಳ ಸಲ ಕಾರಣ ಇದೇ ಆಗಿರುತ್ತದೆ.

ಡಬ್ಲ್ಯುಡಿವಿಯಲ್ಲಿ ಮೊದಲ ಐದು ವರ್ಷದ ಲಾಭ ಕೂಡಿಸಿದರೆ ಸುಮಾರು 16.3 ಲಕ್ಷ. ಕೈಯಲ್ಲಿ ಉಳಿಯುವ 15 ಲಕ್ಷಕ್ಕೆ ಅದು ಹತ್ತಿರ. ಮೊದಲೆರಡು ವರ್ಷ ಲಾಭ ಕಡಿಮೆ ಕಾಣುವುದರಿಂದ ತೆಗೆಯುವುದೂ ಕಮ್ಮಿ ಆಗುತ್ತದೆ, ಮುಂದಿನ ವರ್ಷಗಳಿಗೆ ಸ್ವಲ್ಪ ಉಳಿಯುತ್ತದೆ. ಸಾಲದ ಮೇಲೆ ಮಷಿನ್ ತಂದು, ಪುಸ್ತಕದ ಲಾಭ ನೋಡಿಯೇ ಹಣ ತೆಗೆಯುವ ರೂಢಿ ಇರುವ ಮನೆಗಳಿಗೆ ನಾನು ಡಬ್ಲ್ಯುಡಿವಿಯನ್ನೇ ಹೇಳುತ್ತೇನೆ. ಸಾಲ ಇಲ್ಲದೆ, ಸ್ವಂತ ಹಣದಲ್ಲಿ ತಂದವರಿಗೆ ಈ ಕಾರಣ ಅಷ್ಟು ಗಟ್ಟಿಯಲ್ಲ. ಅವರಿಗೆ ವರ್ಷಕ್ಕೆ 1,80,000 ಬದಿಗಿಟ್ಟರೆ ಮುಂದಿನ ಮಷಿನ್‌ಗೆ ದಾರಿ ಆಗುತ್ತದೆ, ಸ್ಟ್ರೇಟ್ ಲೈನ್ ಸಾಕು.

ಡಬ್ಲ್ಯುಡಿವಿ ಪರವಾಗಿ ಇನ್ನೊಂದು ಮಾತು ಹೇಳುತ್ತಾರೆ: ಮಷಿನ್ ಹಳೆಯದಾದಂತೆ ರಿಪೇರಿ ಏರುತ್ತದೆ, ಸವಕಳಿ ಇಳಿಯುತ್ತದೆ, ಎರಡೂ ಸೇರಿ ಸಮ ಆಗುತ್ತದೆ. ಇದರಲ್ಲಿ ಅರ್ಧ ಸತ್ಯ ಇದೆ. ಆಫ್‌ಸೆಟ್‌ನಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಇಂಕ್ ರೋಲರಿನ ರಬ್ಬರು ವರ್ಷಗಳಲ್ಲಿ ಗಟ್ಟಿಯಾಗಿ ಮೇಲ್ಮೈ ಹೊಳೆಯತೊಡಗುತ್ತದೆ. ಇಂಕು ಸಮನಾಗಿ ಹಿಡಿಯುವುದಿಲ್ಲ, ದಟ್ಟ ಬಣ್ಣದ ಜಾಗದಲ್ಲಿ ಪಟ್ಟೆ ಬೀಳುತ್ತದೆ. ರೋಲರಿಗೆ ಮತ್ತೆ ರಬ್ಬರು ಹಾಕಿಸಬೇಕು. ಆಮೇಲೆ ಬೇರಿಂಗು, ಗ್ರಿಪ್ಪರು ಸವೆದು ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ರಿಪೇರಿ ಮೊದಲ ವರ್ಷ 15,000, ಐದನೇ ವರ್ಷ 60,000, ಹತ್ತನೇ ವರ್ಷ 1,50,000 ಅಂತ ಇಟ್ಟುಕೊಂಡು ಸವಕಳಿಗೆ ಕೂಡಿಸಿ ನೋಡಿ. ಡಬ್ಲ್ಯುಡಿವಿಯಲ್ಲಿ ಒಟ್ಟು ಭಾರ 4.26 ಲಕ್ಷ, 2.24 ಲಕ್ಷ, 2.02 ಲಕ್ಷ. ಸ್ಟ್ರೇಟ್ ಲೈನಿನಲ್ಲಿ 1.95 ಲಕ್ಷ, 2.40 ಲಕ್ಷ, 3.30 ಲಕ್ಷ. ಅಂದರೆ ಐದನೇ ವರ್ಷದಿಂದ ಆಚೆಗೆ ಡಬ್ಲ್ಯುಡಿವಿ ನಿಜವಾಗಿಯೂ ಹೆಚ್ಚುಕಮ್ಮಿ ಸಮ. ಆದರೆ ಮೊದಲ ವರ್ಷಗಳ ಭಾರ ರಿಪೇರಿಯಿಂದ ಸಮ ಆಗುವಂಥದ್ದಲ್ಲ.

ಬ್ಯಾಂಕಿನ ವಿಷಯಕ್ಕೆ ಬಂದರೆ, ಡಬ್ಲ್ಯುಡಿವಿ ಹಾಕಿದರೆ ಲಾಭ ಕಡಿಮೆ ಕಂಡು ಸಾಲ ಸಿಗುವುದಿಲ್ಲ ಅನ್ನುವ ಭಯ ಇದೆ. ಕಂತು ಕಟ್ಟುವ ಶಕ್ತಿ ಅಳೆಯುವಾಗ, ಡಿಎಸ್‌ಸಿಆರ್ ಅಂತಾರಲ್ಲ, ಅದರಲ್ಲಿ ಲಾಭಕ್ಕೆ ಸವಕಳಿಯನ್ನು ವಾಪಸ್ ಕೂಡಿಸುತ್ತಾರೆ. 4.20 ಮತ್ತು 1.80 ಕೂಡಿಸಿದರೂ 6 ಲಕ್ಷ, 1.886 ಮತ್ತು 4.114 ಕೂಡಿಸಿದರೂ 6 ಲಕ್ಷ. ಅಲ್ಲಿ ವ್ಯತ್ಯಾಸ ಇಲ್ಲ. ವ್ಯತ್ಯಾಸ ಬೀಳುವುದು ನೆಟ್ ವರ್ತ್‌ನಲ್ಲಿ. ನಾಲ್ಕನೇ ವರ್ಷದ ಕೊನೆಗೆ ಸ್ಟ್ರೇಟ್ ಲೈನಿನಲ್ಲಿ ಮಷಿನ್ ಬೆಲೆ 12.80 ಲಕ್ಷ, ಡಬ್ಲ್ಯುಡಿವಿಯಲ್ಲಿ 7.96 ಲಕ್ಷ. 4.84 ಲಕ್ಷ ಕಮ್ಮಿ ಬಂಡವಾಳ ಕಾಣುತ್ತದೆ. ಸಾಲ ಮತ್ತು ಸ್ವಂತ ಬಂಡವಾಳದ ಅನುಪಾತ ಈಗಾಗಲೇ ಬಿಗಿಯಾಗಿದ್ದು, ಮುಂದಿನ ವರ್ಷ ಸಿಸಿ ಮಿತಿ ಏರಿಸಬೇಕು ಅಂತಿದ್ದರೆ ಸ್ಟ್ರೇಟ್ ಲೈನಿಗೆ ಇಲ್ಲಿ ಒಂದು ನಿಜವಾದ ಅನುಕೂಲ ಇದೆ. ಹೆಚ್ಚು ಲಾಭ ತೋರಿಸಿ, ಅದನ್ನೆಲ್ಲ ಮನೆಗೆ ತೆಗೆದುಬಿಟ್ಟರೆ ಆ ಅನುಕೂಲವೂ ಹೋಗುತ್ತದೆ, ಅದು ನೆನಪಿರಲಿ.

ಮಧ್ಯದಲ್ಲಿ ಮಾರುವವರು ಈ ಭಾಗ ಗಮನವಿಟ್ಟು ಓದಬೇಕು. ನಾಲ್ಕು ವರ್ಷ ಓಡಿಸಿ, ನಾಲ್ಕು ಕಲರಿನ ಮಷಿನ್ ತರಲು ಇದನ್ನು 9 ಲಕ್ಷಕ್ಕೆ ಮಾರಿದಿರಿ ಅಂದುಕೊಳ್ಳಿ. ಸ್ಟ್ರೇಟ್ ಲೈನ್ ಪುಸ್ತಕದಲ್ಲಿ 12.80 ಲಕ್ಷ ಇತ್ತು, 3.80 ಲಕ್ಷ ನಷ್ಟ ಒಂದೇ ವರ್ಷಕ್ಕೆ ಬಂದು ಬೀಳುತ್ತದೆ. ನಾಲ್ಕನೇ ವರ್ಷದ 4.20 ಲಕ್ಷ ಲಾಭ 40,000ಕ್ಕೆ ಇಳಿಯುತ್ತದೆ. ಡಬ್ಲ್ಯುಡಿವಿಯಲ್ಲಿ ಪುಸ್ತಕದ ಬೆಲೆ 7.96 ಲಕ್ಷ, ಹಾಗಾಗಿ 1.04 ಲಕ್ಷ ಲಾಭ. ಎರಡರಲ್ಲೂ ನಾಲ್ಕು ವರ್ಷದಲ್ಲಿ ಮಷಿನ್ ತಿಂದಿದ್ದು 11 ಲಕ್ಷವೇ. ಮೊದಲಿನದು ಅದನ್ನು ಕೊನೆಗೆ ಹೇಳಿತು, ಎರಡನೆಯದು ಮೊದಲೇ ಹೇಳಿ ಸ್ವಲ್ಪ ವಾಪಸ್ ಕೊಟ್ಟಿತು. ಸಾಮಾನ್ಯವಾಗಿ ಮಷಿನ್ ಮಾರುಕಟ್ಟೆ ಬೆಲೆ ಮೊದಲ ವರ್ಷಗಳಲ್ಲೇ ಜೋರಾಗಿ ಬೀಳುವುದರಿಂದ, ಬದಲಾಯಿಸುತ್ತಾ ಹೋಗುವವರಿಗೆ ಡಬ್ಲ್ಯುಡಿವಿಯೇ ವಾಸ್ತವಕ್ಕೆ ಹತ್ತಿರ.

ಪಾಲುದಾರ ಹೊರಗೆ ಹೋಗುವುದೂ ಹೀಗೇ. ಅದೇ ನಾಲ್ಕನೇ ವರ್ಷದ ಕೊನೆಗೆ ತಮ್ಮ ಬೇರೆ ಆದ ಅಂದರೆ, ಪುಸ್ತಕದ ಬೆಲೆ ಹಿಡಿದು ಲೆಕ್ಕ ಮುಗಿಸಿದರೆ ಅವನ ಅರ್ಧ ಪಾಲಿನಲ್ಲಿ 2.42 ಲಕ್ಷ ಹೆಚ್ಚುಕಮ್ಮಿ ಆಗುವುದು ಬರೀ ಸವಕಳಿ ಪದ್ಧತಿಯಿಂದ. ಸ್ಟ್ರೇಟ್ ಲೈನ್ ಇದ್ದರೆ ಉಳಿದವನಿಗೆ ಹೊರೆ, ಡಬ್ಲ್ಯುಡಿವಿ ಇದ್ದರೆ ಹೋಗುವವನಿಗೆ ನಷ್ಟ ಆಗಬಹುದು. ಇದಕ್ಕೆ ಪದ್ಧತಿ ಬದಲಿಸುವುದು ಪರಿಹಾರ ಅಲ್ಲ. ಪಾಲುದಾರಿಕೆ ಪತ್ರದಲ್ಲೇ, ಯಾರಾದರೂ ಹೊರಗೆ ಹೋಗುವಾಗ ಮಷಿನರಿಯನ್ನು ಆ ದಿನದ ಮಾರುಕಟ್ಟೆ ಬೆಲೆಗೆ ಮತ್ತೆ ಬೆಲೆ ಕಟ್ಟಬೇಕು ಅಂತ ಒಂದು ಸಾಲು ಬರೆಸಿ. ಆ ಸಾಲು ಇದ್ದರೆ ಈ ಅಳತೆಯಲ್ಲಿ ಎರಡೂ ಪದ್ಧತಿ ಸಮ.

ಪ್ರೆಸ್ಸಿನಲ್ಲಿ ಮಷಿನ್ ಒಂದೇ ಇರುವುದಿಲ್ಲ, ಅಲ್ವಾ? ಎಲ್ಲದಕ್ಕೂ ಒಂದೇ ಪದ್ಧತಿ ಇರಬೇಕಿಲ್ಲ. ಒಂದು ಬಗೆಯ ಆಸ್ತಿಗೆ ಒಂದು ಪದ್ಧತಿ ಅಂತ ಇಟ್ಟುಕೊಂಡು, ಅದನ್ನು ವರ್ಷ ವರ್ಷ ಮುಂದುವರಿಸಿದರೆ ಸಾಕು. ಕಟ್ಟಡಕ್ಕೆ, ಕಾಗದ ಇಡುವ ರ‍್ಯಾಕುಗಳಿಗೆ ಸ್ಟ್ರೇಟ್ ಲೈನ್ ಸರಿ. ಅವು ನಿಧಾನವಾಗಿ, ಒಂದೇ ಗತಿಯಲ್ಲಿ ಸವೆಯುತ್ತವೆ. ಡಿಸೈನ್ ಮಾಡುವ ಕಂಪ್ಯೂಟರಿಗೆ, ಮಾಲು ತಲುಪಿಸುವ ಗಾಡಿಗೆ ಡಬ್ಲ್ಯುಡಿವಿ. ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡವರಿಗೆ ಮಾತ್ರ ಅಂದಾಜು ಅಷ್ಟು ಸಡಿಲವಿಲ್ಲ. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿ ಸಾಮಾನ್ಯ ಮಷಿನರಿಗೆ 15 ವರ್ಷ ಆಯಸ್ಸು ಹೇಳುತ್ತದೆ, ಕೊನೆಗೆ ಉಳಿಯುವ ಬೆಲೆ ಸಾಮಾನ್ಯವಾಗಿ ಶೇ 5 ಮೀರಬಾರದು. ಪದ್ಧತಿ ಆರಿಸುವ ಸ್ವಾತಂತ್ರ್ಯ ಅಲ್ಲೂ ಇದೆ. ಅದರ ಪ್ರಕಾರ ನಮ್ಮ 20 ಲಕ್ಷಕ್ಕೆ ಮೊದಲ ವರ್ಷ ಸ್ಟ್ರೇಟ್ ಲೈನಿನಲ್ಲಿ 1,26,667, ಡಬ್ಲ್ಯುಡಿವಿಯಲ್ಲಿ ಶೇ 18.10ರಂತೆ 3,62,000.

ಆರಿಸಿಕೊಂಡ ಮೇಲೆ ಜಾಸ್ತಿ ಆಗುವ ತಪ್ಪು ಒಂದಿದೆ. ಸ್ಟ್ರೇಟ್ ಲೈನಿನ 1,80,000 ಅಂದರೆ ಮೂಲ ಬೆಲೆಯ ಶೇ 9. ಮುಂದಿನ ವರ್ಷ ಹೊಸದಾಗಿ ಲೆಕ್ಕ ಬರೆಯಲು ಬಂದವರು ಆ ಶೇ 9ನ್ನು ಉಳಿದ ಬಾಕಿಯ ಮೇಲೆ ಹಾಕಿಬಿಡುತ್ತಾರೆ. ಹೀಗೇ ಹೋದರೆ ಹತ್ತು ವರ್ಷ ಆದಮೇಲೂ ಪುಸ್ತಕದಲ್ಲಿ ಸುಮಾರು 7.8 ಲಕ್ಷ ಉಳಿದಿರುತ್ತದೆ, ಮಷಿನ್ ಮಾತ್ರ ಗುಜರಿಗೆ ಹೋಗಲು ಸಿದ್ಧವಾಗಿರುತ್ತದೆ. ಅಷ್ಟು ವರ್ಷ ಇಲ್ಲದ ಲಾಭ ತೋರಿಸಿದ ಹಾಗಾಯಿತು. ಕಂಡುಹಿಡಿಯುವುದು ಸುಲಭ: ಆಸ್ತಿ ಪಟ್ಟಿಯಲ್ಲಿ ಹೊಸದೇನೂ ಸೇರದಿದ್ದರೂ ಸ್ಟ್ರೇಟ್ ಲೈನ್ ಸವಕಳಿ ಹೋದ ವರ್ಷಕ್ಕಿಂತ ಕಮ್ಮಿ ಇದ್ದರೆ, ದರ ಹಾಕಿದ ಅಂಕಣ ತಪ್ಪಾಗಿದೆ.

ಇನ್ನು ಮಧ್ಯದಲ್ಲಿ ಪದ್ಧತಿ ಬದಲಿಸುವ ವಿಚಾರ. ನಾಲ್ಕು ವರ್ಷ ಡಬ್ಲ್ಯುಡಿವಿ ಹಾಕಿ, ಐದನೇ ವರ್ಷ ಸ್ಟ್ರೇಟ್ ಲೈನಿಗೆ ಬಂದರೆ ಹಳೆಯ ವರ್ಷಗಳನ್ನು ತಿದ್ದುವಂತಿಲ್ಲ. ಈಗಿನ ಲೆಕ್ಕಪತ್ರ ಮಾನದಂಡ ಎಎಸ್ 10ರ ಪ್ರಕಾರ ಅದು ಅಂದಾಜಿನ ಬದಲಾವಣೆ, ಮುಂದಿನ ವರ್ಷಗಳಿಗೆ ಮಾತ್ರ ಅನ್ವಯ. ಉಳಿದ 7.96 ಲಕ್ಷದಿಂದ 2 ಲಕ್ಷ ಕಳೆದು, ಉಳಿದ ಆರು ವರ್ಷಕ್ಕೆ ಹಂಚಬೇಕು. ವರ್ಷಕ್ಕೆ ಸುಮಾರು 99,350. ಐದನೇ ವರ್ಷ ಡಬ್ಲ್ಯುಡಿವಿಯಲ್ಲಿ 1,63,758 ಕಳೆಯಬೇಕಿತ್ತು. ಅಂದರೆ ಆ ವರ್ಷದ ಲಾಭ ಸುಮ್ನೆ 64,000 ಏರುತ್ತದೆ. ಮಷಿನ್ ಬಳಕೆಯ ರೀತಿಯೇ ಬದಲಾಗಿದ್ದರೆ, ಉದಾಹರಣೆಗೆ ಹೊಸ ಮಷಿನ್ ಬಂದು ಇದು ಬಿಲ್ ಬುಕ್ಕಿಗೆ ಮಾತ್ರ ಮೀಸಲಾಗಿದ್ದರೆ, ಬದಲಾವಣೆಗೆ ಕಾರಣ ಇದೆ. ಲಾಭ ಕಮ್ಮಿ ಇದೆ ಅನ್ನುವುದು ಕಾರಣ ಅಲ್ಲ. ಬದಲಿಸಿದರೆ ಆ ವರ್ಷದ ಟಿಪ್ಪಣಿಯಲ್ಲಿ ಯಾಕೆ ಬದಲಿಸಿದಿರಿ, ಲಾಭ ಎಷ್ಟು ಏರಿತು ಅಂತ ಬರೆಸಿ. ಬ್ಯಾಂಕಿನವರು ಎರಡು ವರ್ಷದ ಲೆಕ್ಕ ಪಕ್ಕ ಪಕ್ಕ ಇಟ್ಟು ನೋಡಿದಾಗ ಸವಕಳಿಯ ಸಾಲು ತಟ್ಟನೆ ಇಳಿದಿದ್ದನ್ನು ಮೊದಲು ಕೇಳುತ್ತಾರೆ.